ಕರೆಂಟ್ ಗಾಡಿಯೋ ಪೆಟ್ರೋಲ್ ಗಾಡಿಯೋ? ಬಿಲ್ಲು ಹೇಳಲಿ

ಪಿ.ಬಿ. ರಸ್ತೆಯ ಚಹಾದಂಗಡಿಗಳಲ್ಲಿ ಈ ವ್ಯಾಜ್ಯ ದಿನಾ ನಡೀತದೆ. "ಕರೆಂಟ್ ಸ್ಕೂಟರಿಗೆ ಖರ್ಚೇ ಇಲ್ಲ" ಅನ್ನೋರು ಒಂದು ಕಡೆ, "ಬ್ಯಾಟರಿ ಹೋದ ದಿನ ಗೊತ್ತಾಗ್ತದೆ ಬಿಡ್ರಿ" ಅನ್ನೋರು ಇನ್ನೊಂದು ಕಡೆ. ಬಾಯಿಲೆಕ್ಕದಿಂದ ಯಾವ ವ್ಯಾಜ್ಯವೂ ತೀರುವುದಿಲ್ಲ. ಆದ್ದರಿಂದ ದಾವಣಗೆರೆಯಿಂದ ಹರಿಹರಕ್ಕೆ ದಿನಾ ಹೋಗಿಬರುವ ಇಬ್ಬರ ಬಿಲ್ಲಿನ ಕಟ್ಟುಗಳನ್ನೇ ಬಿಚ್ಚಿ ನೋಡೋಣ. ಒಬ್ಬರು ಹೈಸ್ಕೂಲು ಮೇಷ್ಟ್ರು, ಕರೆಂಟ್ ಗಾಡಿಯವರು. ಇನ್ನೊಬ್ಬರು ಗುಮಾಸ್ತರು, ಪೆಟ್ರೋಲ್ ಗಾಡಿಯವರು. ಇಬ್ಬರೂ 2021ರ ಆರಂಭದಲ್ಲಿ ಗಾಡಿ ಕೊಂಡವರು. ದಿನಕ್ಕೆ 30 ಕಿಲೋಮೀಟರು, ವರ್ಷಕ್ಕೆ 300 ದಿನ. 2025ರ ಕೊನೆಗೆ ಇಬ್ಬರದೂ 45,000 ಕಿಲೋಮೀಟರು.

ಗುಮಾಸ್ತರ ಗಾಡಿ ಲೀಟರಿಗೆ 45 ಕೊಟ್ಟಿದೆ. ಐದು ವರ್ಷಕ್ಕೆ 1,000 ಲೀಟರು. ದರ ಏರಿಳಿದರೂ ಸರಾಸರಿ 103 ರೂಪಾಯಿ ಬಿದ್ದಿದೆ. ಅಲ್ಲಿಗೆ 1,03,000. ಮೇಷ್ಟ್ರ ಗಾಡಿಗೆ ಗೋಡೆಯ ಪ್ಲಗ್ಗಿನಿಂದ 100 ಕಿಲೋಮೀಟರಿಗೆ ನಾಲ್ಕೂವರೆ ಯೂನಿಟ್ ಬೇಕು. ಚಾರ್ಜರ್ ಬಿಸಿಯಾಗಿ ಕಳೆಯುವ ಕರೆಂಟೂ ಇದರಲ್ಲೇ ಸೇರಿದೆ. ಕಂಪನಿಯವರು ಹೇಳುವ ಲೆಕ್ಕದಲ್ಲಿ ಅದು ಸಾಮಾನ್ಯವಾಗಿ ಸೇರಿರುವುದಿಲ್ಲ. ಒಟ್ಟು 2,025 ಯೂನಿಟ್, ತೆರಿಗೆ ಸೇರಿ ಸರಾಸರಿ 7 ರೂಪಾಯಿಯಂತೆ ಸುಮಾರು 14,200. ಇಲ್ಲಿ ಮೇಷ್ಟ್ರು ಗೆದ್ದರು, ಸಂಶಯವಿಲ್ಲ.

ಸರ್ವೀಸಿಗೆ ಬನ್ನಿ. "ಇಂಜಿನ್ನೇ ಇಲ್ಲ, ಸರ್ವೀಸ್ ಯಾಕೆ?" ಅಂತ ಕೇಳ್ತಾರೆ. ಗುಮಾಸ್ತರಿಗೆ ಆಯಿಲು, ಫಿಲ್ಟರು, ಪ್ಲಗ್ಗು, ಬ್ರೇಕ್ ಶೂ ಅಂತ ಹದಿನೈದು ಸಲ 19,500, ಬೆಲ್ಟು ರೋಲರು 3,200, ಬ್ಯಾಟರಿ 1,500, ಟೈರು 4,000. ಒಟ್ಟು 28,200. ಮೇಷ್ಟ್ರಿಗೆ ಆಯಿಲ್ ಖರ್ಚಿಲ್ಲ, ಹತ್ತು ಸಲಕ್ಕೆ 9,000. ಆದರೆ ಟೈರು 4,500, ಸಣ್ಣ ಬ್ಯಾಟರಿ 1,200, ವಾರಂಟಿ ಮುಗಿದ ಮೇಲೆ ಕೆಟ್ಟ ಚಾರ್ಜರಿಗೆ 8,500. ಒಟ್ಟು 23,200. ಐದು ವರ್ಷಕ್ಕೆ ವ್ಯತ್ಯಾಸ ಬರೀ 5,000! ಉಳಿತಾಯವೆಲ್ಲ ಪೆಟ್ರೋಲ್ ಬಂಕಿನದು, ವರ್ಕ್‌ಶಾಪಿನದಲ್ಲ.

ಎಲ್ಲ ಕೂಡಿಸಿದರೆ ಗುಮಾಸ್ತರದು 1,31,200, ಮೇಷ್ಟ್ರದು 37,400. ವ್ಯತ್ಯಾಸ 93,800. ಕೊಳ್ಳುವಾಗ ಮೇಷ್ಟ್ರು 40,000 ಹೆಚ್ಚು ಕೊಟ್ಟಿದ್ದರು. ಅದನ್ನು ಕಳೆದರೆ ಕೈಯಲ್ಲಿ ಉಳಿದದ್ದು 53,800.

ಇನ್ನು ಬ್ಯಾಟರಿ. ಹೊಸತರಲ್ಲಿ ಒಂದು ಚಾರ್ಜಿಗೆ 80 ಕಿಲೋಮೀಟರು ಓಡುತ್ತಿದ್ದ ಗಾಡಿ ಈಗ 66ಕ್ಕೆ ನಿಲ್ಲುತ್ತದೆ. ಅಂದರೆ ಶೇಕಡಾ 82ರಷ್ಟು ಶಕ್ತಿ ಉಳಿದಿದೆ. ಅನೇಕ ವಾರಂಟಿ ಪತ್ರಗಳ ಸಣ್ಣಕ್ಷರದಲ್ಲಿ ಶೇಕಡಾ 70ಕ್ಕಿಂತ ಕೆಳಗಿಳಿದರೆ ಮಾತ್ರ ಬದಲಿ ಅಂತ ಇರುತ್ತದೆ. ಮೇಷ್ಟ್ರದೂ ಅಂಥದೇ. ಅವಧಿಯೊಳಗೆ ಇಳಿಯದೆ ಆಮೇಲೆ ಇಳಿದರೆ, ಹೊಸ ಬ್ಯಾಟರಿಗೆ ಅವರಿಗೆ ಹೇಳಿರುವ ಬೆಲೆ 55,000. ಉಳಿಸಿದ್ದೆಲ್ಲ ಒಂದೇ ಏಟಿಗೆ ಹೋಯಿತು, ಮೇಲೆ ಸಾವಿರ ಸಾಲ! ಆದರೆ 66 ಕಿಲೋಮೀಟರು ಓಡುವ ಗಾಡಿ ಹರಿಹರಕ್ಕೆ ಎರಡು ಸಲ ಹೋಗಿಬರುತ್ತದೆ. ಹಾಗಾಗಿ ಮೇಷ್ಟ್ರಿಗೆ ಈಗಲೇ ಬ್ಯಾಟರಿ ಬದಲಿಸುವ ಅಗತ್ಯವಿಲ್ಲ. ಪ್ರತಿ ವರ್ಷ ಓಡಿಸಿದಷ್ಟೂ ಲಾಭ ಅವರದೇ.

ಇನ್ನೊಂದು ಮಾತು, ಗೃಹಜ್ಯೋತಿಯದು. ಮೇಷ್ಟ್ರ ಗಾಡಿ ತಿಂಗಳಿಗೆ 34 ಯೂನಿಟ್ ಕುಡಿಯುತ್ತದೆ. ನಿಮ್ಮ ಮನೆಗೆ ಗೊತ್ತುಪಡಿಸಿದ ಯೂನಿಟ್ ಮೀರಿದರೆ, 200ರೊಳಗಿದ್ದರೆ ಹೆಚ್ಚುವರಿಗೆ ಮಾತ್ರ ದುಡ್ಡು. ಆದರೆ 175 ಯೂನಿಟ್ ಉರಿಸುವ ಮನೆಗೆ ಸ್ಕೂಟರ್ ಬಂದರೆ 209! 200 ದಾಟಿದ ತಿಂಗಳು ಪೂರಾ ಬಿಲ್ಲು ನಿಮ್ಮ ತಲೆಗೆ, ಸಾವಿರದ ಮೇಲೆ. ಆಗ ಮೇಲಿನ ಲೆಕ್ಕ ಬುಡಮೇಲು. ಗಾಡಿ ಕೊಳ್ಳುವ ಮೊದಲು ಹನ್ನೆರಡು ತಿಂಗಳ ಕರೆಂಟ್ ಬಿಲ್ಲು ಹರಡಿಕೊಂಡು ಕೂರಿ.

ಹಾಗಾದರೆ ಯಾರಿಗೆ ಯಾವುದು? ಕಿಲೋಮೀಟರಿಗೆ ಪೆಟ್ರೋಲು 2 ರೂಪಾಯಿ 29 ಪೈಸೆ, ಕರೆಂಟು 32 ಪೈಸೆ. ಉಳಿಯುವುದು 1 ರೂಪಾಯಿ 97 ಪೈಸೆ. ಹೆಚ್ಚಿಗೆ ಕೊಟ್ಟ 40,000 ಇದರಲ್ಲೇ ವಾಪಸು ಬರಲು 20,300 ಕಿಲೋಮೀಟರು ಓಡಬೇಕು. ಐದು ವರ್ಷಕ್ಕೆ ಹಂಚಿದರೆ ದಿನಕ್ಕೆ ಸುಮಾರು 14. ಮನೆಯಿಂದ ಮಂಡಿಪೇಟೆ, ಮಂಡಿಪೇಟೆಯಿಂದ ಮನೆ ಅಂತ ದಿನಕ್ಕೆ 10 ಓಡಿಸುವ ಅಂಗಡಿಯವರಿಗೆ ಉಳಿಯುವುದು 29,500ರ ಆಸುಪಾಸು. ಅವರಿಗೆ ಹಾಕಿದ ದುಡ್ಡೂ ಗಿಟ್ಟುವುದಿಲ್ಲ. ಹರಿಹರದವರು ಧಾರಾಳವಾಗಿ ಕೊಳ್ಳಲಿ.

ಒಂದು ಷರತ್ತು ಮಾತ್ರ. ಷೋರೂಮಿನಲ್ಲಿ "ಎಷ್ಟು ಓಡ್ತದೆ?" ಅಂತ ಕೇಳಿ ಸುಮ್ಮನಾಗಬೇಡಿ. ಬ್ಯಾಟರಿ ವಾರಂಟಿ ಎಷ್ಟು ವರ್ಷ, ಎಷ್ಟು ಕಿಲೋಮೀಟರು, ಎಷ್ಟು ಶೇಕಡಾಕ್ಕೆ ಇಳಿದರೆ ಬದಲಿ, ಹೊಸದರ ಇವತ್ತಿನ ಬೆಲೆ ಎಷ್ಟು — ನಾಲ್ಕನ್ನೂ ಬರಹದಲ್ಲಿ ಕೇಳಿ. ಬರೆದುಕೊಡಲು ತಡವರಿಸುವ ಅಂಗಡಿಯ ಮೆಟ್ಟಿಲನ್ನು ಅಲ್ಲಿಂದಲೇ ಇಳಿಯಿರಿ.