ಲ್ಯಾಪ್‌ಟಾಪ್ ಮಾರಿ ಕೀ ಇಟ್ಟುಕೊಳ್ಳುವುದು ಅಪರಾಧಕ್ಕೆ ಸಮ

ಕರಜಗಿಯ ಕಡೆಯಿಂದ ಕಲಬುರಗಿಗೋ ಸೊಲ್ಲಾಪುರಕ್ಕೋ ಹೋಗಿ ಮಗಳ ಓದಿಗೆಂದು ಲ್ಯಾಪ್‌ಟಾಪ್ ಕೊಳ್ಳುವ ಒಂದು ಮನೆಯನ್ನು ನೆನೆಯೋಣ. ಅಂಗಡಿಯವರೇ ಪೆಟ್ಟಿಗೆ ಬಿಚ್ಚಿ ಎಲ್ಲವನ್ನೂ ಸೆಟಪ್ ಮಾಡಿ ಕೊಡುತ್ತಾರೆ. ವಿಂಡೋಸ್ ಮೈಕ್ರೋಸಾಫ್ಟ್ ಖಾತೆ ಕೇಳಿದಾಗ, ಕೊಂಡವರನ್ನು ಕೇಳುವ ಗೋಜಿಗೆ ಹೋಗದೆ ತಮ್ಮದೇ ಇಮೇಲ್ ಹಾಕಿಬಿಡುತ್ತಾರೆ. ಮಗಳ ಕೈಗೆ ಬರುವುದು ನಾಲ್ಕಂಕಿಯ ಪಿನ್ ಮಾತ್ರ. ಕೆಲವು ತಿಂಗಳ ಮೇಲೆ ಫರ್ಮ್‌ವೇರ್ ಅಪ್‌ಡೇಟ್ ಬಂದು ಯಂತ್ರ ಮರುಚಾಲೂ ಆದಾಗ ನೀಲಿ ಪರದೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಅಲ್ಲಿ ಆ ಪಿನ್ ನಡೆಯುವುದಿಲ್ಲ. ಮರಳಿ ಅಂಗಡಿಗೆ ಒಯ್ದರೆ ಸಿಗುವ ಉತ್ತರ: ‘ಫಾರ್ಮ್ಯಾಟ್ ಹೊಡೀಬೇಕ್ರಿ.’

ಈ ಉತ್ತರ ತಪ್ಪು. ಕೀ ಇದೆ. ಅದು ಅಂಗಡಿಯವರು ಹಾಕಿದ ಖಾತೆಯಲ್ಲೇ ಇರುವ ಸಂಭವ ಹೆಚ್ಚು.

ವಿಂಡೋಸ್ ಡಿಸ್ಕಿಗೆ ಹಾಕುವ ಬಿಟ್‌ಲಾಕರ್ ಬೀಗ ತೆರೆಯುವ ಕೀಲಿಯನ್ನು ಲ್ಯಾಪ್‌ಟಾಪಿನೊಳಗಿನ ಟಿಪಿಎಂ ಎಂಬ ಚಿಪ್ ಕಾಯುತ್ತದೆ. ಪ್ರತಿ ಸಲ ಯಂತ್ರ ಚಾಲೂ ಆಗುವಾಗ ಅದು ಫರ್ಮ್‌ವೇರ್, ಸೆಕ್ಯೂರ್ ಬೂಟ್ ಮೊದಲಾದವುಗಳ ಅಳತೆ ತೆಗೆದುಕೊಳ್ಳುತ್ತದೆ. ಅಳತೆ ಮೊದಲಿನಂತಿದ್ದರೆ ಸದ್ದಿಲ್ಲದೆ ಕೀಲಿ ಬಿಡುತ್ತದೆ. ಅಪ್‌ಡೇಟಿನಿಂದ ಅಳತೆ ಬದಲಾದರೆ, ಅದು ಕಂಪನಿಯ ಕೆಲಸವೋ ಕಳ್ಳನ ಕೈಚಳಕವೋ ಚಿಪ್‌ಗೆ ತಿಳಿಯದು. ಆಗ ಮನುಷ್ಯನನ್ನೇ ಕೇಳುತ್ತದೆ. ಯಂತ್ರ ಕೆಟ್ಟಿಲ್ಲ, ಕಡತಗಳು ಹಾಳಾಗಿಲ್ಲ. ಆದರೆ ಕೀ ಇಲ್ಲದೆ ಅವು ಯಾರಿಗೂ ಸಿಗವು. ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೂ ಅಲ್ಲಿಯೂ ಕೀ ಕೇಳುತ್ತದೆ. ಕೀ ಕಳೆದವರಿಗೆ ಮೈಕ್ರೋಸಾಫ್ಟ್ ಹೊಸದನ್ನು ಮಾಡಿಕೊಡಲಾರದು.

ಮೊದಲು ಪರದೆಯ ಮೇಲಿನ Recovery key IDಯ ಮೊದಲ ಎಂಟು ಅಕ್ಷರ ಬರೆದುಕೊಳ್ಳಿ. ವಿಂಡೋಸ್ 11ರ ಹೊಸ ಆವೃತ್ತಿಯಲ್ಲಿ ಖಾತೆಯ ಇಮೇಲಿನ ಸುಳಿವೂ ಅಲ್ಲೇ ಕಾಣುತ್ತದೆ. ಅದು ಯಾರದೆಂದು ಅಂಗಡಿಯವರು ಒಪ್ಪಿಕೊಳ್ಳಲು ಅಷ್ಟು ಸಾಕು. ಫೋನಿನಲ್ಲಿ aka.ms/myrecoverykey ತೆರೆದು ಆ ಖಾತೆಯಿಂದ ಒಳಹೊಕ್ಕರೆ ಕೀಗಳ ಪಟ್ಟಿ ಬರುತ್ತದೆ. ಎಂಟು ಅಕ್ಷರ ಹೊಂದುವ ಸಾಲಿನ ಕೀಯನ್ನೇ ಹಾಕಬೇಕು. ಲ್ಯಾಪ್‌ಟಾಪ್ ಕಾಲೇಜಿನದೋ ಕಚೇರಿಯದೋ ಆದರೆ ಕೀ ಆ ಸಂಸ್ಥೆಯ ಸರ್ವರಿನಲ್ಲಿರುತ್ತದೆ. ಅಲ್ಲಿನ ಐಟಿ ವಿಭಾಗವನ್ನು ಕೇಳಬೇಕು. ಇಲ್ಲವೇ ಹಿಂದೆ ಯಾರೋ ಮುದ್ರಿಸಿದ ಹಾಳೆ ಅಥವಾ ಪೆನ್‌ಡ್ರೈವ್ ಹುಡುಕಬೇಕು. ಅಪ್‌ಡೇಟ್ ಸೆಕ್ಯೂರ್ ಬೂಟನ್ನು ಆಫ್ ಮಾಡಿದ್ದರೆ, ಅದನ್ನು ಮೊದಲಿನಂತೆ ಮಾಡಿದೊಡನೆ ಕೀ ಕೇಳುವುದು ನಿಲ್ಲಲೂಬಹುದು. ಟಿಪಿಎಂ ಅಳಿಸುವ ಆಯ್ಕೆಯನ್ನು ಮಾತ್ರ ಮುಟ್ಟಬೇಡಿ.

2024ರ ಜುಲೈ 9ರ ವಿಂಡೋಸ್ ಅಪ್‌ಡೇಟ್ ಅನೇಕ ಯಂತ್ರಗಳಲ್ಲಿ ಇದೇ ಪರದೆ ತಂದಿತು. ಸರಿಪಡಿಸಿದ್ದು ಆಗಸ್ಟ್ 13ರಂದು. ಜುಲೈ 19ರ ಕ್ರೌಡ್‌ಸ್ಟ್ರೈಕ್ ಅವಾಂತರ ಬೆಂಗಳೂರಿನ ವಿಮಾನ ನಿಲ್ದಾಣಕ್ಕೂ ತಾಕಿತು. ಆಗ ಕ್ರೌಡ್‌ಸ್ಟ್ರೈಕ್ ಕಳಿಸಿದ ಕೆಟ್ಟ ಕಡತ ತೆಗೆಯಲು ಬೀಗ ಹಾಕಿದ ಪ್ರತಿ ಯಂತ್ರಕ್ಕೂ ಅದರದೇ ಕೀ ಬೇಕಾಯಿತು. ದೊಡ್ಡ ಸಂಸ್ಥೆಗಳಿಗೆ ಕೀ ಹುಡುಕಲು ಸಿಬ್ಬಂದಿ ಇದ್ದಾರೆ. ನಮ್ಮ ಮನೆಯ ಹುಡುಗಿಗೆ ಇರುವುದು ಮಾರಿದ ಅಂಗಡಿ ಒಂದೇ.

ಆದ್ದರಿಂದ ಹೊಣೆ ಅಂಗಡಿಯದು. ತನ್ನ ಇಮೇಲ್ ಹಾಕಿ ಸೆಟಪ್ ಮಾಡಿದ ಮಾರಾಟಗಾರ ಮತ್ತೊಬ್ಬರ ಡಿಸ್ಕಿನ ಕೀ ತನ್ನಲ್ಲಿಟ್ಟುಕೊಂಡಿದ್ದಾನೆ. ಗೊತ್ತಿಲ್ಲದೆ ಮಾಡಿದೆ ಎಂಬ ಮಾತನ್ನು ನಾವು ಒಪ್ಪುವುದಿಲ್ಲ. ಕೀ ಹುಡುಕದೆ ಫಾರ್ಮ್ಯಾಟ್ ಮಾಡಿ ಮೇಲೆ ಹಣವನ್ನೂ ಪಡೆಯುವುದು ಎರಡನೆಯ ತಪ್ಪು. ಲ್ಯಾಪ್‌ಟಾಪ್ ಕಂಪನಿಗಳೂ ಪಾರಾಗುವಂತಿಲ್ಲ: ಫರ್ಮ್‌ವೇರ್ ಹಾಕುವ ಮುನ್ನ ಬಿಟ್‌ಲಾಕರ್ ರಕ್ಷಣೆಯನ್ನು ಒಂದು ಮರುಚಾಲನೆಯ ಮಟ್ಟಿಗೆ ತಡೆಹಿಡಿಯುವುದು ಅವರ ಕೆಲಸ, ಬಳಕೆದಾರನದಲ್ಲ.

ಈಗಾಗಲೇ ಲ್ಯಾಪ್‌ಟಾಪ್ ಉಳ್ಳವರು ಇಂದೇ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನ್ ಆಗಿ ತೆರೆದು ಇದನ್ನು ಹಾಕಿ:

```
manage-bde -protectors -get C:
```

Numerical Password ಎಂಬುದರ ಕೆಳಗೆ ಬರುವ 48 ಅಂಕಿಗಳೇ ನಿಮ್ಮ ಕೀ. ಹಾಳೆಯ ಮೇಲೆ ಬರೆದು ಮನೆಯ ಕಾಗದಪತ್ರಗಳ ಜೊತೆ ಇಡಿ. ಅದೇ ಲ್ಯಾಪ್‌ಟಾಪಿನಲ್ಲಿ ಉಳಿಸಿದರೆ ಪ್ರಯೋಜನವಿಲ್ಲ. ಆಮೇಲೆ ನಿಮ್ಮದೇ ಖಾತೆಯಲ್ಲೂ ಅದು ಇದೆಯೇ ನೋಡಿ. ಆದರೆ ನಿಮ್ಮ ಖಾತೆಯನ್ನು ತಡವಾಗಿ ಸೇರಿಸಿದ ಮಾತ್ರಕ್ಕೆ ಅಂಗಡಿಯವರ ಖಾತೆಯಲ್ಲಿರುವ ಪ್ರತಿ ಅಳಿಯುವುದಿಲ್ಲ. ಹೊಸದನ್ನು ಕೊಳ್ಳುವವರು, ತಮ್ಮ ಇಮೇಲ್ ಹಾಕದೆ ಸೆಟಪ್ ಮಾಡಿದ ಲ್ಯಾಪ್‌ಟಾಪನ್ನು ಅಂಗಡಿಯಿಂದ ಹೊರಗೆ ಒಯ್ಯಬಾರದು.