ರಸಮೇವು ಕೆಟ್ಟರೆ ಗುಂಡಿಯ ಹತ್ತಿರವೇ ಸಭೆ ಕೂಡಿ



ಬೇಸಿಗೆಯಲ್ಲಿ ಹಸಿಮೇವಿಗೆ ಪಡುವ ಪಾಡು ಭಾಲ್ಕಿ, ಔರಾದ್ ಕಡೆಯ ನಿಮಗೆ ಹೇಳಬೇಕಾಗಿಲ್ಲ. ಅದಕ್ಕೆಂದೇ ಹತ್ತಾರು ಮನೆಯವರು ಕೂಡಿ ಮೆಕ್ಕೆಜೋಳದ ರಸಮೇವು ಹಾಕುವುದು. ಗುಂಡಿ ತೆಗೆದಾಗ ಅದು ಕೆಟ್ಟಿದ್ದರೆ ನಾವು ಕೇಳುವ ಮೊದಲ ಮಾತು, "ಯಾರು ಸರಿಯಾಗಿ ತುಳಿಯಲಿಲ್ಲ?" ಈ ಪ್ರಶ್ನೆಯನ್ನು ಬಿಡಬೇಕು ಎಂಬುದು ನನ್ನ ಅಭಿಪ್ರಾಯ. ರಾತ್ರಿ ಗುಂಡಿ ತೆರೆದೇ ಇತ್ತೆಂದು ಕಂಡಿದ್ದವಳು ಅದನ್ನು ಕೇಳಿದ ಕೂಡಲೇ ಸುಮ್ಮನಾಗುತ್ತಾಳೆ. ನಮಗೆ ಬೇಕಾಗಿದ್ದು ಅವಳ ಮಾತೇ.

ಕೆಟ್ಟ ಮೇವನ್ನು ತಿಪ್ಪೆಗೆ ಎಸೆಯುವ ಮೊದಲು ಎಲ್ಲರೂ ಗುಂಡಿಯ ಸುತ್ತ ನಿಂತು ನೋಡಿ. ಚೆನ್ನಾಗಿ ಹುದುಗಿದ ರಸಮೇವು ಹಳದಿ ಹಸಿರಾಗಿದ್ದು ಹಿತವಾದ ಹುಳಿ ವಾಸನೆ ಕೊಡುತ್ತದೆ. ಲೋಳೆಯಾಗಿ ಕೊಳೆತು ನಾರುತ್ತಿದ್ದರೆ ಮೇವಿನಲ್ಲಿ ನೀರು ಹೆಚ್ಚಿತ್ತು. ಕಂದುಬಣ್ಣಕ್ಕೆ ತಿರುಗಿ ಸುಟ್ಟ ಬೆಲ್ಲದ ವಾಸನೆ ಬಂದರೆ ಒಳಗೆ ಗಾಳಿ ಉಳಿದು ಕಾವೇರಿತ್ತು. ಬೂಷ್ಟು ಮೇಲೆ, ಅಂಚಿನಲ್ಲಿ ಮಾತ್ರ ಇದ್ದರೆ ಹೊದಿಕೆಯ ಕಡೆ ನೋಡಿ. ನಡುವೆ ಪದರವಾಗಿದ್ದರೆ ತುಂಬುವಾಗ ಕೆಲಸ ನಿಂತಿದ್ದಿರಬೇಕು.

ನಡುವೆ ಪದರ ಕಂಡಿತು ಎಂದುಕೊಳ್ಳಿ. ಆಗ ತುಂಬಿದ ದಿನಗಳನ್ನು ಒಂದೊಂದಾಗಿ ನೆನೆಯಿರಿ. ಮೊದಲ ದಿನ ಅರ್ಧ ತುಂಬಿತು, ಎರಡನೆಯ ದಿನ ಕೆಲಸವೇ ಆಗಲಿಲ್ಲ. ಏಕೆ? ಬೀದರಿನಿಂದ ಬರಬೇಕಾದ ಮೇವು ಕತ್ತರಿಸುವ ಯಂತ್ರ ಬರಲಿಲ್ಲ. ಏಕೆ? ಬೆಳೆ ಕೊಯ್ದ ಮೇಲೆ ಯಂತ್ರಕ್ಕೆ ಹೇಳಿಕಳಿಸಿದ್ದೆವು. ಇಲ್ಲಿಗೆ ಬಂದರೆ ತುಳಿದವರ ಕಾಲಿನ ಮಾತು ತಾನೇ ಹಿಂದೆ ಸರಿಯುತ್ತದೆ. ತಪ್ಪಿದ್ದು ಕೆಲಸದ ಸರದಿ. (ಮಳೆಯೇ ಕೆಡಿಸಿದ ವರ್ಷವೂ ಇರುತ್ತದೆ, ಅದಕ್ಕೆ ಕಾರಣ ಹುಡುಕುತ್ತ ಕೂರಬೇಡಿ.)

"ಮುಂದಿನ ಸಲ ಎಚ್ಚರ ವಹಿಸೋಣ" ಎಂದು ನಡಾವಳಿ ಪುಸ್ತಕದಲ್ಲಿ ಬರೆದರೆ ಏನೂ ಬದಲಾಗದು, ಏಕೆಂದರೆ ಹೋದ ಸಲವೂ ಎಲ್ಲರೂ ಎಚ್ಚರದಿಂದಲೇ ಇದ್ದರು. ಬದಲಿಗೆ ಹೀಗೆ ಬರೆಯಿರಿ: ಯಂತ್ರದ ದಿನ ಗೊತ್ತಾಗದೆ ಕುಡುಗೋಲು ಹಚ್ಚುವುದಿಲ್ಲ. ಸಂಜೆ ಗುಂಡಿ ತುಂಬದಿದ್ದರೂ ತಾಡಪತ್ರಿ ಹೊದಿಸಿಯೇ ಮನೆಗೆ ಹೋಗುವುದು. ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಗಟ್ಟಿಯಾಗಿ ಹಿಡಿದು ಬಿಡುವುದು: ನೀರು ತೊಟ್ಟಿಕ್ಕಿದರೆ ಕೆಲ ಹೊತ್ತು ಬಾಡಿಸಬೇಕು, ಉಂಡೆ ನಿಧಾನ ಬಿಚ್ಚಿಕೊಂಡರೆ ತುಂಬಬಹುದು, ಒಮ್ಮೆಲೇ ಉದುರಿಹೋದರೆ ಒಣಗಿದೆ.

ಈ ಮೂರನ್ನು ಗುಂಡಿಯ ಪಕ್ಕದ ಗೋಡೆಗೇ ಬಣ್ಣದಲ್ಲಿ ಬರೆಸಿ. ಪುಸ್ತಕ ಕಾರ್ಯದರ್ಶಿಯ ಮನೆಯಲ್ಲಿರುತ್ತದೆ, ಮುಂದಿನ ವರ್ಷ ಹೊಸಬರು ಬರುತ್ತಾರೆ. ಮುಂಗಾರು ಬಿತ್ತನೆಗೆ ಮುಂಚಿನ ಸಭೆಯಲ್ಲಿ ಒಬ್ಬರು ಅದನ್ನು ಗಟ್ಟಿಯಾಗಿ ಓದಲಿ, ಯಂತ್ರದವರಿಗೆ ಅಂದೇ ಫೋನ್ ಮಾಡಲಿ.

ಇನ್ನು ಬೂಷ್ಟು ಹಿಡಿದ ಮೇವನ್ನು ಎಮ್ಮೆಗಾದರೂ ಹಾಕೋಣ ಎನ್ನಬೇಡಿ. ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ, ಗಬ್ಬದ ದನಕ್ಕೆ ಕೆಡುಕು. ಅದನ್ನು ತಿಪ್ಪೆಗೇ ಹಾಕಿ.