ಹಳದಿ ಕಂಡ ಮಾತ್ರಕ್ಕೆ ಪಾಸಿಟಿವ್ ಅಲ್ಲ: ಎಲೈಸಾ ಪ್ಲೇಟ್‌ನ ಚಿತ್ರವನ್ನು ತರಗತಿಯಲ್ಲಿ ಓದಿಸುವ ಬಗೆ

ದ್ವಿತೀಯ ಪಿಯುಸಿ ಜೀವಶಾಸ್ತ್ರದಲ್ಲಿ ಎಲೈಸಾ ಬಂದು ಹೋಗುವುದು ಕೆಲವೇ ಸಾಲುಗಳಲ್ಲಿ. ಪ್ರತಿಜನಕ ಮತ್ತು ಪ್ರತಿಕಾಯಗಳ ನಡುವಿನ ಕ್ರಿಯೆಯೇ ಅದರ ತತ್ತ್ವ ಎಂಬಲ್ಲಿಗೆ ಪುಸ್ತಕ ನಿಲ್ಲುತ್ತದೆ. ಅಭ್ಯಾಸ ಬೋಧನೆಯಲ್ಲಿ ಪ್ರಶಿಕ್ಷಣಾರ್ಥಿಗಳು ಅದಕ್ಕೆ 96 ಗುಳಿಗಳ ಪ್ಲೇಟ್‌ನ ಒಂದು ಚಿತ್ರವನ್ನು ಸೇರಿಸಿ, ‘ಹಳದಿ ಬಂದದ್ದು ಪಾಸಿಟಿವ್, ಬಾರದ್ದು ನೆಗೆಟಿವ್’ ಎಂದು ಹೇಳಿ ಪಾಠ ಮುಗಿಸುವುದು ವಾಡಿಕೆ. ಈ ಒಂದು ವಾಕ್ಯವನ್ನು ನಮ್ಮ ಪಾಠಯೋಜನೆಗಳಿಂದ ತೆಗೆಯಬೇಕು ಎಂಬುದು ನನ್ನ ಅಭಿಪ್ರಾಯ. ಅದರ ಜಾಗದಲ್ಲಿ ಮೂರು ಪ್ರಶ್ನೆಗಳು ಬರಬೇಕು. ಈ ಪ್ಲೇಟನ್ನು ನಂಬಬಹುದೇ? ಗುಳಿಯಲ್ಲಿ ಇರುವುದು ಎಷ್ಟು? ಅಷ್ಟಿದ್ದರೆ ಪಾಸಿಟಿವ್ ಎನ್ನಬಹುದೇ? ಮೊದಲನೆಯದಕ್ಕೆ ಚಿತ್ರ ಉತ್ತರ ಕೊಡುತ್ತದೆ, ಎರಡನೆಯದಕ್ಕೆ ಮಾನಕ ರೇಖೆ, ಅಂದರೆ ಸ್ಟ್ಯಾಂಡರ್ಡ್ ಕರ್ವ್. ಮೂರನೆಯದಕ್ಕೆ ಮೊದಲೇ ಒಪ್ಪಿಕೊಂಡ ಒಂದು ಗಡಿ. ಒಂದರ ಕೆಲಸವನ್ನು ಇನ್ನೊಂದಕ್ಕೆ ಹೊರಿಸಿದಾಗಲೇ ಎಡವಟ್ಟಾಗುವುದು.

ತರಗತಿಗೆ ಎಚ್‌ಐವಿ ಪರೀಕ್ಷೆಯ ಉದಾಹರಣೆಗಿಂತ ಹೆಪಟೈಟಿಸ್ ಬಿ ಲಸಿಕೆಯ ನಂತರ ರಕ್ತದಲ್ಲಿ ಹುಟ್ಟುವ ಪ್ರತಿಕಾಯದ ಪರೀಕ್ಷೆ ಹೆಚ್ಚು ಅನುಕೂಲ. ಎಚ್‌ಐವಿ ಎಲೈಸಾದಲ್ಲಿ ಸಾಮಾನ್ಯವಾಗಿ ಮಾನಕ ರೇಖೆ ಇರುವುದಿಲ್ಲ; ನಿಯಂತ್ರಣ ಗುಳಿಗಳಿಂದ ಲೆಕ್ಕ ಹಾಕಿದ ಗಡಿ ಮಾತ್ರ ಇರುತ್ತದೆ. ಹೆಪಟೈಟಿಸ್ ಬಿ ಪರೀಕ್ಷೆಯಲ್ಲಾದರೋ ಪ್ರಮಾಣವೂ ಬೇಕು, ಗಡಿಯೂ ಬೇಕು. ಪ್ರತಿ ಮಿಲಿಲೀಟರಿಗೆ 10 ಮಿಲಿ-ಅಂತರರಾಷ್ಟ್ರೀಯ ಘಟಕ ಅಥವಾ ಅದಕ್ಕಿಂತ ಹೆಚ್ಚು ಪ್ರತಿಕಾಯವಿದ್ದರೆ ರಕ್ಷಣೆ ಇದೆ ಎಂದು ಪರಿಗಣಿಸುತ್ತಾರೆ. ಇದನ್ನು ಮುಂದೆ ಬರೀ ‘ಘಟಕ’ ಎನ್ನುತ್ತೇನೆ. ಲಸಿಕೆ ಹಾಕಿಸಿಕೊಂಡ ನರ್ಸಿಂಗ್ ವಿದ್ಯಾರ್ಥಿನಿಯೊಬ್ಬಳಿಗೆ ಇನ್ನಷ್ಟು ಡೋಸ್ ಬೇಕೇ ಎಂಬುದು ಈ 10ರ ಆಚೆ ಈಚೆ ನಿಂತಿರುತ್ತದೆ.

ಪರೀಕ್ಷೆಯ ಹಂತಗಳು ಸರಳ. ಗುಳಿಯ ತಳದಲ್ಲಿ ವೈರಸ್ಸಿನ ಮೇಲ್ಮೈ ಪ್ರತಿಜನಕವನ್ನು ಅಂಟಿಸಿರುತ್ತಾರೆ. ಸೀರಮ್ ಹಾಕಿದಾಗ ಅದರಲ್ಲಿ ಪ್ರತಿಕಾಯವಿದ್ದರೆ ಅಲ್ಲಿ ಹಿಡಿದುಕೊಳ್ಳುತ್ತದೆ. ಆಮೇಲೆ ಕಿಣ್ವ ಜೋಡಿಸಿದ ಅದೇ ಪ್ರತಿಜನಕವನ್ನು ಹಾಕಿದರೆ ಅದು ಪ್ರತಿಕಾಯದ ಇನ್ನೊಂದು ತೋಳನ್ನು ಹಿಡಿಯುತ್ತದೆ. ಚೆನ್ನಾಗಿ ತೊಳೆದು, ಟಿಎಂಬಿ ಎಂಬ ದ್ರಾವಣ ಸೇರಿಸಿದರೆ ನೀಲಿ ಬಣ್ಣ ಬರುತ್ತದೆ. ಆಮ್ಲ ಹಾಕಿ ನಿಲ್ಲಿಸಿದಾಗ ಅದು ಹಳದಿಯಾಗುತ್ತದೆ. ಯಂತ್ರವು 450 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕನ್ನು ಹಾಯಿಸಿ, ಎಷ್ಟು ಬೆಳಕು ತಡೆಯಲ್ಪಟ್ಟಿತು ಎಂಬುದನ್ನು ಓಡಿ ಎಂಬ ಸಂಖ್ಯೆಯಾಗಿ ಕೊಡುತ್ತದೆ. ಓಡಿ 1 ಎಂದರೆ ಶೇ 10ರಷ್ಟು ಬೆಳಕು ಮಾತ್ರ ದಾಟಿದೆ. 2 ಎಂದರೆ ಶೇ 1 ಮಾತ್ರ.

ಈಗ ಚಿತ್ರಕ್ಕೆ ಬರೋಣ. ಚಿತ್ರದಲ್ಲಿ ಮೊದಲು ನೋಡಬೇಕಾದದ್ದು ರೋಗಿಗಳ ಗುಳಿಗಳನ್ನಲ್ಲ. ಶೂನ್ಯ ಮಾನಕದ ಗುಳಿಗಳು ಹೆಚ್ಚುಕಡಿಮೆ ಬಣ್ಣವಿಲ್ಲದೆ ಇವೆಯೇ? ಮಾನಕಗಳು ಮೇಲಿನಿಂದ ಕೆಳಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಗಾಢವಾಗುತ್ತಿವೆಯೇ? ಪ್ರತಿ ಜೋಡಿ ಗುಳಿಗಳೂ ಒಂದೇ ತೆರನಾಗಿವೆಯೇ? ಪ್ಲೇಟಿನ ಅಂಚಿನ ಗುಳಿಗಳಷ್ಟೇ ಗಾಢವಾಗಿದ್ದರೆ ಅದು ರೋಗಿಗಳ ಗುಣವಲ್ಲ, ಅಂಚು ಬೇಗ ಬಿಸಿಯಾದದ್ದರ ಅಥವಾ ಆವಿಯಾದದ್ದರ ಗುರುತು. ಒಂದು ಸಾಲಿಗೆ ಸಾಲೇ ಹಳದಿಯಾಗಿದ್ದರೆ ತೊಳೆಯುವಿಕೆಯನ್ನು ಅನುಮಾನಿಸಬೇಕು. ಸಂಖ್ಯೆಗಳ ಪಟ್ಟಿಯಲ್ಲಿ ಸುಲಭವಾಗಿ ಕಾಣದ ಇಂಥ ವಿನ್ಯಾಸಗಳು ಚಿತ್ರದಲ್ಲಿ ಒಂದೇ ನೋಟಕ್ಕೆ ಸಿಗುತ್ತವೆ. ಚಿತ್ರದ ನಿಜವಾದ ಬೆಲೆ ಇಲ್ಲೇ ಇದೆ.

ಆದರೆ ‘ಎಷ್ಟು’ ಎಂಬುದನ್ನು ಚಿತ್ರ ಹೇಳಲಾರದು. ಕೆಳಗಿನ ಅಂಕಿಗಳನ್ನು ತರಗತಿಯಲ್ಲಿ ಬಿಡಿಸಲೆಂದೇ ನಾನು ಹೆಣೆದಿದ್ದೇನೆ. ಪ್ರತಿಯೊಂದೂ ಎರಡು ಗುಳಿಗಳ ಸರಾಸರಿ.

| ಮಾನಕ (ಘಟಕ) | ಓಡಿ |
|---|---|
| 0 | 0.05 |
| 10 | 0.15 |
| 25 | 0.30 |
| 50 | 0.55 |
| 100 | 1.00 |
| 200 | 1.70 |
| 400 | 2.42 |

ವಿದ್ಯಾರ್ಥಿಗಳು ಇದನ್ನು ಗ್ರಾಫ್ ಹಾಳೆಯಲ್ಲಿ ಗುರುತಿಸಲಿ: ಅಡ್ಡಕ್ಕೆ ಘಟಕ, ಉದ್ದಕ್ಕೆ ಓಡಿ. ಆಮೇಲೆ ಅವರಿಗೆ ನಾಲ್ಕು ಮಾದರಿಗಳನ್ನು ಒಂದೊಂದಾಗಿ ಕೊಡೋಣ.

ಮಾದರಿ ‘ಕ’ದ ಓಡಿ 0.13. ಗಡಿಯ ಮಾನಕವಾದ 10 ಘಟಕದ ಗುಳಿಯ ಓಡಿ 0.15. ಮೊದಲನೆಯದರಲ್ಲಿ ಸುಮಾರು ಶೇ 74ರಷ್ಟು ಬೆಳಕು ದಾಟುತ್ತದೆ, ಎರಡನೆಯದರಲ್ಲಿ ಶೇ 71ರಷ್ಟು. ಈ ವ್ಯತ್ಯಾಸವನ್ನು ಕಣ್ಣು ಹಿಡಿಯಲಾರದು. ಮೊಬೈಲ್ ಕ್ಯಾಮೆರಾ ಅಂತೂ ಬೆಳಕನ್ನೂ ಬಣ್ಣವನ್ನೂ ತನ್ನಷ್ಟಕ್ಕೆ ತಿದ್ದುತ್ತದೆ. ಶೂನ್ಯದ ಗುಳಿಯ ಪಕ್ಕದಲ್ಲಿಟ್ಟರೆ ‘ಕ’ ತಿಳಿಹಳದಿಯಾಗಿಯೇ ಕಾಣುತ್ತದೆ. ‘ಹಳದಿ ಬಂದದ್ದು ಪಾಸಿಟಿವ್’ ಎಂದು ಕಲಿತವರು ಇದನ್ನು ಪಾಸಿಟಿವ್ ಎನ್ನುತ್ತಾರೆ. ಗ್ರಾಫ್ ಏನು ಹೇಳುತ್ತದೆ? 0.05ರಿಂದ 0.15ಕ್ಕೆ ಏರಲು 10 ಘಟಕ ಬೇಕಾದರೆ 0.13ಕ್ಕೆ ಏರಲು 8 ಘಟಕ. ಗಡಿಯ ಕೆಳಗೆ, ಆದ್ದರಿಂದ ನೆಗೆಟಿವ್.

ಗಣಿತದ ಒಂದು ಅಭ್ಯಾಸ ಇಲ್ಲಿ ಅಡ್ಡ ಬರುತ್ತದೆ. ಬಿಂದುಗಳನ್ನು ಕಂಡೊಡನೆ ಅಳತೆಪಟ್ಟಿ ಇಟ್ಟು ಮೊದಲ ಬಿಂದುವಿನಿಂದ ಕೊನೆಯ ಬಿಂದುವಿಗೆ ನೇರಗೆರೆ ಎಳೆಯುವ ವಿದ್ಯಾರ್ಥಿಗಳು ಎಲ್ಲ ತರಗತಿಗಳಲ್ಲೂ ಇರುತ್ತಾರೆ. ಆ ಗೆರೆಯ ಮೇಲೆ ಓದಿದರೆ ಇದೇ ‘ಕ’ 13ಕ್ಕೂ ಹೆಚ್ಚು ಘಟಕ ಪಡೆದು ಪಾಸಿಟಿವ್ ಆಗಿಬಿಡುತ್ತದೆ! ರಕ್ತ ಬದಲಾಗಿಲ್ಲ, ಯಂತ್ರ ಬದಲಾಗಿಲ್ಲ, ಗೆರೆ ಬದಲಾಯಿತು ಅಷ್ಟೆ. ಮೇಲ್ತುದಿಯಲ್ಲಿ ರೇಖೆ ಬಾಗುವುದು ಏಕೆ ಎಂದು ಈಗ ಕೇಳಬಹುದು. ಗುಳಿಯಲ್ಲಿ ಅಂಟಿಸಿದ ಪ್ರತಿಜನಕದ ಜಾಗಗಳು ತುಂಬುತ್ತಾ ಬಂದಂತೆ ಇನ್ನಷ್ಟು ಪ್ರತಿಕಾಯ ಹಾಕಿದರೂ ಬಣ್ಣ ಅದೇ ಪ್ರಮಾಣದಲ್ಲಿ ಏರುವುದಿಲ್ಲ. ಹಾಗಾಗಿ ಪ್ರಯೋಗಾಲಯಗಳಲ್ಲಿ ನಾಲ್ಕು ನಿಯತಾಂಕಗಳ ಎಸ್ ಆಕಾರದ ವಕ್ರರೇಖೆಯನ್ನು ಕಂಪ್ಯೂಟರಿನಿಂದ ಹೊಂದಿಸುತ್ತಾರೆ. ತರಗತಿಯಲ್ಲಿ ಅಕ್ಕಪಕ್ಕದ ಬಿಂದುಗಳನ್ನು ಜೋಡಿಸಿ ಓದಿದರೆ ಸಾಕು.

ಮಾದರಿ ‘ಖ’ದ ಓಡಿ 0.21. ಅದು 10 ಮತ್ತು 25ರ ನಡುವೆ ಬಿದ್ದು 16 ಘಟಕ ಎಂದು ಬರುತ್ತದೆ, ಪಾಸಿಟಿವ್. ಇದರಲ್ಲಿ ತೊಡಕಿಲ್ಲ.

ಮಾದರಿ ‘ಗ’ದ ಓಡಿ 2.60. ಅತಿ ಗಾಢ ಹಳದಿ. ವಿದ್ಯಾರ್ಥಿಗಳು ರೇಖೆಯನ್ನು ಮುಂದಕ್ಕೆಳೆದು ಒಂದು ಸಂಖ್ಯೆ ಹೇಳಿಯೇ ಹೇಳುತ್ತಾರೆ. ಹೇಳಬಾರದು. 400ರಾಚೆ ನಾವು ಏನನ್ನೂ ಅಳೆದಿಲ್ಲ, ಅಲ್ಲಿ ರೇಖೆ ಚಪ್ಪಟೆಯಾಗುತ್ತಿದೆ; ಓಡಿಯ ಸಣ್ಣ ತಪ್ಪೂ ಘಟಕದಲ್ಲಿ ದೊಡ್ಡದಾಗುತ್ತದೆ. ‘400ಕ್ಕಿಂತ ಹೆಚ್ಚು, ಪಾಸಿಟಿವ್’ ಎಂದು ಬರೆಯುವುದೇ ಸರಿ. ನಿಖರ ಸಂಖ್ಯೆ ಬೇಕಿದ್ದರೆ ಸೀರಮನ್ನು ಹತ್ತು ಪಟ್ಟು ತೆಳುಗೊಳಿಸಿ ಮತ್ತೆ ಪರೀಕ್ಷಿಸಬೇಕು. ಆಗ ಓಡಿ 1.00 ಬಂದರೆ ಅದು 100 ಘಟಕ. ಹತ್ತರಿಂದ ಗುಣಿಸಿದರೆ ಮೂಲದಲ್ಲಿ 1000.

ಮಾದರಿ ‘ಘ’ದ ಎರಡು ಗುಳಿಗಳು 0.10 ಮತ್ತು 0.40. ಸರಾಸರಿ 0.25, ರೇಖೆಯಲ್ಲಿ 20 ಘಟಕ, ಪಾಸಿಟಿವ್. ಲೆಕ್ಕ ಸರಿಯಾಗಿದೆ, ತೀರ್ಪು ಸರಿಯಿಲ್ಲ. ಬಿಡಿಬಿಡಿಯಾಗಿ ಓದಿದರೆ ಒಂದು ಗುಳಿ 5 ಘಟಕ ಎನ್ನುತ್ತದೆ, ಇನ್ನೊಂದು 35 ಎನ್ನುತ್ತದೆ. ಒಬ್ಬಳೇ ವ್ಯಕ್ತಿ ಒಂದೇ ಹೊತ್ತಿನಲ್ಲಿ ನೆಗೆಟಿವ್ ಕೂಡ, ಪಾಸಿಟಿವ್ ಕೂಡ ಆಗಲು ಸಾಧ್ಯವಿಲ್ಲವಲ್ಲ. ಸರಾಸರಿ ಆ ಜಗಳವನ್ನು ಮುಚ್ಚಿಹಾಕಿತು. ಇದಕ್ಕೆ ಉತ್ತರ ‘ಮತ್ತೆ ಮಾಡಿ’ ಎಂಬುದೊಂದೇ. ‘ಘ’ವನ್ನು ಚಿತ್ರದಲ್ಲಿ ಮೊದಲೇ ನೋಡಿದ್ದರೆ ಜೋಡಿ ಗುಳಿಗಳ ವ್ಯತ್ಯಾಸ ಆಗಲೇ ಗೊತ್ತಾಗುತ್ತಿತ್ತು ಎಂಬುದನ್ನು ವಿದ್ಯಾರ್ಥಿಗಳೇ ಹೇಳುವಂತೆ ಪ್ರಶ್ನಿಸಬಹುದು.

ಮತ್ತೆ ‘ಕ’ದತ್ತ ತಿರುಗಿ ನೋಡಿ. 8 ಘಟಕ ಗಡಿಗೆ ತೀರ ಹತ್ತಿರ. ಓಡಿಯಲ್ಲಿ 0.02ರಷ್ಟು ಆಚೀಚೆಯಾದರೆ ತೀರ್ಪೇ ತಿರುಗುತ್ತದೆ. ಆದ್ದರಿಂದಲೇ ಗಡಿಯ ಅಕ್ಕಪಕ್ಕದ ಫಲಿತಾಂಶಗಳನ್ನು ಮತ್ತೊಮ್ಮೆ ಪರೀಕ್ಷಿಸುವ ರೂಢಿ ಇದೆ. ಜೊತೆಗೆ, ಇಲ್ಲಿ ನೆಗೆಟಿವ್ ಎಂದರೆ ‘ಲಸಿಕೆ ಹಾಕಿಸಿಲ್ಲ’ ಎಂದಲ್ಲ. ಲಸಿಕೆಯಾಗಿ ವರ್ಷಗಳು ಕಳೆದಂತೆ ಪ್ರತಿಕಾಯದ ಪ್ರಮಾಣ ಇಳಿಯುತ್ತದೆ. ನೆನಪಿನ ಕೋಶಗಳು ಉಳಿದಿರಬಹುದು. ಪಾಸಿಟಿವ್ ಎಂದರೆ ರೋಗ ಎಂದೂ ಅಲ್ಲ. ಈ ಪರೀಕ್ಷೆಯಲ್ಲಿ ಅದು ಒಳ್ಳೆಯ ಸುದ್ದಿ. ‘ಪಾಸಿಟಿವ್’ ಎಂಬ ಪದ ಕೇಳಿದೊಡನೆ ಮಕ್ಕಳ ಮುಖದಲ್ಲಿ ಕಾಣುವ ಗಾಬರಿಯನ್ನು ಬಿಡಿಸಲು ಈ ಉದಾಹರಣೆ ಒಳ್ಳೆಯದು.

ಬಣ್ಣದ ನಿಯಮ ಸಾರ್ವತ್ರಿಕವಲ್ಲ ಎಂಬುದಕ್ಕೆ ಇನ್ನೊಂದು ಸಾಕ್ಷಿ ಶೇಂಗಾದಲ್ಲಿದೆ. ಚಳ್ಳಕೆರೆ, ಪಾವಗಡದ ಕಡೆಯ ಮಕ್ಕಳಿಗೆ ಬೂಸ್ಟು ಹಿಡಿದ ಶೇಂಗಾ ಗೊತ್ತು. ಅದರಲ್ಲಿ ಬರಬಹುದಾದ ಅಫ್ಲಟಾಕ್ಸಿನ್ ವಿಷವನ್ನು ಸ್ಪರ್ಧಾತ್ಮಕ ಎಲೈಸಾದಿಂದ ಅಳೆಯುತ್ತಾರೆ. ಅಲ್ಲಿ ಮಾದರಿಯ ವಿಷವೂ ಪ್ರಯೋಗಾಲಯದವರು ಹಾಕಿದ ವಿಷವೂ ಪ್ರತಿಕಾಯಕ್ಕಾಗಿ ಪೈಪೋಟಿ ನಡೆಸುತ್ತವೆ. ಮಾದರಿಯಲ್ಲಿ ವಿಷ ಹೆಚ್ಚಿದ್ದಷ್ಟೂ ಬಣ್ಣ ಕಡಿಮೆ. ಮಾನಕ ರೇಖೆ ಎಡದಿಂದ ಬಲಕ್ಕೆ ಇಳಿಯುತ್ತದೆ. ಅಲ್ಲಿ ಬಣ್ಣವಿಲ್ಲದ ಗುಳಿಯೇ ಅಪಾಯದ ಗುಳಿ.

‘ನಲವತ್ತು ನಿಮಿಷದಲ್ಲಿ ಇದೆಲ್ಲ ಆಗುತ್ತದೆಯೇ?’ ಎಂದು ಮಾರ್ಗದರ್ಶಕರು ಕೇಳುವುದು ಸಹಜ. ಎಲ್ಲವೂ ಆಗಬೇಕಿಲ್ಲ. ಹಂತಗಳನ್ನು ಕಪ್ಪುಹಲಗೆಯ ಮೇಲೆ ಬರೆಸಿ ಬಾಯಿಪಾಠ ಮಾಡಿಸುವ ಹೊತ್ತನ್ನು ಗ್ರಾಫ್ ಹಾಳೆಗೆ ಕೊಟ್ಟರೆ ‘ಕ’ ಮತ್ತು ‘ಘ’ ಎರಡನ್ನಾದರೂ ಮಾಡಿಸಬಹುದು, ಉಳಿದೆರಡು ಮನೆಗೆಲಸವಾಗಲಿ. ಮೊದಲು ಚಿತ್ರವನ್ನಷ್ಟೇ ತೋರಿಸಿ ಪ್ರತಿ ಗುಂಪೂ ತನ್ನ ತೀರ್ಪನ್ನು ಬರೆದಿಡಲಿ. ಆಮೇಲೆ ಓಡಿ ಸಂಖ್ಯೆಗಳನ್ನು ಕೊಟ್ಟು, ಗ್ರಾಫ್ ಓದಿದ ಮೇಲೆ ತೀರ್ಪು ಬದಲಾಯಿತೇ, ಏಕೆ ಎಂದು ಬರೆಯಲಿ. ಮೌಲ್ಯಮಾಪನದಲ್ಲಿ ‘ಎಲೈಸಾದ ವಿಸ್ತೃತ ರೂಪ ಬರೆಯಿರಿ’ ಎಂಬ ಪ್ರಶ್ನೆಯ ಬದಲು ‘0.13 ಓಡಿಯ ಗುಳಿ ಹಳದಿಯಾಗಿದ್ದರೂ ನೆಗೆಟಿವ್ ಏಕೆ?’ ಎಂದು ಕೇಳೋಣ. ಅದಕ್ಕೆ ಎರಡು ಸಾಲಿನ ಸರಿಯುತ್ತರ ಬರೆದ ವಿದ್ಯಾರ್ಥಿಗೆ ಎಲೈಸಾ ಅರ್ಥವಾಗಿದೆ ಎಂದೇ ಲೆಕ್ಕ.